ಫೋನ್ ಪ್ಲ್ಯಾನ್ ಜೊತೆ ಬಂದ ಚಂದಾ, ಯಾರೋ ಕೊಡಿಸಿದ ಚಂದಾ: ನಿಲ್ಲಿಸುವುದು ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ನನ್ನದೊಂದು ರೀಚಾರ್ಜ್ ಅಂಗಡಿ ಇದೆ. ಸಿಮ್, ಚಾರ್ಜರ್, ಫೋನ್ ಕವರ್ ಮಾರುತ್ತೇನೆ. ಆದರೆ ದಿನಕ್ಕೆ ಒಬ್ಬರಾದರೂ ಬಂದು ಕೇಳುವುದು ಇದನ್ನೇ: "ಈ ಸಿನಿಮಾ ಆ್ಯಪ್ ನನಗೆ ಬೇಡ, ತೆಗೆದುಹಾಕಿದರೂ ದುಡ್ಡು ಹೋಗ್ತಾನೇ ಇದೆ, ಏನ್ ಮಾಡೋದು?" ಹೇಳಿ ಹೇಳಿ ಬಾಯಿ ನೋಯುವ ಮೊದಲು ಬರೆದಿಡೋಣ ಅನ್ನಿಸಿತು.

ಆ್ಯಪ್ ಒಳಗೆ ಕ್ಯಾನ್ಸಲ್ ಬಟನ್ ಯಾಕೆ ಇರುವುದಿಲ್ಲ?

ನಿಮ್ಮ ದುಡ್ಡು ಆ ಆ್ಯಪ್‌ನವರ ಕೈಗೆ ನೇರವಾಗಿ ಹೋಗುವುದಿಲ್ಲ. ಅದಕ್ಕೇ.

ಸಾಲಗಾಮೆ ರಸ್ತೆಯ ಪಿ.ಜಿ.ಗಳನ್ನು ನೋಡಿರುತ್ತೀರಿ. ಕೆಲವು ಕಡೆ ಬಾಡಿಗೆಯಲ್ಲೇ ಊಟವೂ ಸೇರಿರುತ್ತದೆ. ಹುಡುಗ ಮೆಸ್‌ಗೆ ಹೋಗಿ ಅಡುಗೆಯವರಿಗೆ "ಅಣ್ಣ, ನಾಳೆಯಿಂದ ನನಗೆ ಊಟ ಬೇಡ" ಅಂದರೆ ಬಾಡಿಗೆ ಕಡಿಮೆ ಆಗುತ್ತದಾ? ಇಲ್ಲ. ಅಡುಗೆಯವರಿಗೆ ಇವನ ಬಾಡಿಗೆ ಎಷ್ಟು ಅಂತಲೇ ಗೊತ್ತಿರುವುದಿಲ್ಲ. ಅವರ ಲೆಕ್ಕ ಏನಿದ್ದರೂ ಪಿ.ಜಿ. ಮಾಲೀಕರ ಜೊತೆ. ಊಟ ಬಿಡಿಸಿ ದುಡ್ಡು ಉಳಿಸಬೇಕಾದರೆ ಮಾಲೀಕರ ಹತ್ತಿರವೇ ಮಾತಾಡಬೇಕು.

ಫೋನ್ ಪ್ಲ್ಯಾನ್ ಕೂಡ ಹೀಗೇ. ಪ್ಲ್ಯಾನ್ ಹಾಕಿಸಿದಾಗ ಮೊಬೈಲ್ ಕಂಪನಿ ಆ್ಯಪ್‌ನವರಿಗೆ "ಈ ನಂಬರಿನವರಿಗೆ ನೋಡಲು ಬಿಡಿ" ಅಂತ ಒಂದು ಸಂಕೇತ ಕಳಿಸುತ್ತದೆ. ಎಸ್ಸೆಮ್ಮೆಸ್ಸಿನಲ್ಲಿ ಬಂದ ಲಿಂಕ್ ಒತ್ತಿಯೋ, ಕಂಪನಿಯ ಸ್ವಂತ ಆ್ಯಪ್‌ಗೆ ಹೋಗಿಯೋ ನೀವು ಅದನ್ನು ನಿಮ್ಮ ಖಾತೆಗೆ ಜೋಡಿಸಿಕೊಳ್ಳುತ್ತೀರಿ. ಆಮೇಲೆ ಆ್ಯಪ್‌ನವರ ಕಂಪ್ಯೂಟರಿನಲ್ಲಿ ಇರುವುದು ಇಷ್ಟೇ: ಈ ಖಾತೆಗೆ ಇಂಥ ಮೊಬೈಲ್ ಕಂಪನಿಯಿಂದ ಅನುಮತಿ ಇದೆ. ನಿಮ್ಮ ಪ್ಲ್ಯಾನ್ ಯಾವುದು, ಬಿಲ್ ತಾರೀಖು ಯಾವಾಗ, ದರ ಎಷ್ಟು ಎನ್ನುವುದೆಲ್ಲ ಇರುವುದು ಮೊಬೈಲ್ ಕಂಪನಿಯ ಪುಸ್ತಕದಲ್ಲಿ. ಆ ಪುಸ್ತಕ ತಿದ್ದುವ ಅಧಿಕಾರ ಆ್ಯಪ್‌ನವರಿಗೆ ಇಲ್ಲ. ಮೊಬೈಲ್ ಕಂಪನಿಯಿಂದ "ಮುಗಿಯಿತು" ಅನ್ನುವ ಸಂಕೇತ ಬಂದ ಮೇಲೆ ಅವರು ನಿಲ್ಲಿಸುತ್ತಾರೆ.

ಹಾಗಾಗಿ ಆ್ಯಪ್‌ನ ಗ್ರಾಹಕ ಸೇವೆಯವರು "ನಿಮ್ಮ ಆಪರೇಟರ್ ಹತ್ತಿರ ಕೇಳಿ" ಅಂದಾಗ ನುಣುಚಿಕೊಳ್ಳುತ್ತಿದ್ದಾರೆ ಅಂತ ಬೈಯಬೇಡಿ. ಈ ಒಂದು ವಿಷಯದಲ್ಲಿ ಅವರು ಹೇಳುವುದು ನಿಜ.

ಮಾರಿದವರು ಯಾರು ಅಂತ ನನಗೇ ನೆನಪಿಲ್ಲ. ಹೇಗೆ ಕಂಡುಹಿಡಿಯುವುದು?

ದುಡ್ಡಿನ ಜಾಡು ಹಿಡಿಯಿರಿ. ಫೋನಿನಲ್ಲಿ ಎಷ್ಟು ಆ್ಯಪ್ ಇವೆ ಅಂತ ಎಣಿಸುತ್ತಾ ಕೂತರೆ ಏನೂ ತಿಳಿಯುವುದಿಲ್ಲ.

ಮೊದಲು ಆ್ಯಪ್ ಒಳಗಿನ ಖಾತೆ ಪುಟ ತೆರೆಯಿರಿ. ಬಿಲ್ಲಿಂಗ್ ಅಥವಾ ಮೆಂಬರ್‌ಶಿಪ್ ಅನ್ನುವ ಕಡೆ ಮೊಬೈಲ್ ಕಂಪನಿಯ ಹೆಸರು ಕಂಡರೆ ಮಾರಿದವರು ಅವರೇ. ಗೂಗಲ್ ಪ್ಲೇ ಅಂತ ಇದ್ದರೆ ಪ್ಲೇ ಸ್ಟೋರ್‌ನಲ್ಲಿ ನಿಲ್ಲಿಸಬೇಕು. ನಿಮ್ಮದೇ ಕಾರ್ಡಿನ ಕೊನೆಯ ನಾಲ್ಕು ಅಂಕಿಯೋ ಯುಪಿಐ ಐಡಿಯೋ ಇದ್ದರೆ ನೀವು ಆ್ಯಪ್‌ನವರಿಂದಲೇ ಕೊಂಡಿದ್ದೀರಿ, ಅಲ್ಲೇ ನಿಲ್ಲಿಸಬಹುದು.

ಅಲ್ಲಿ ಸ್ಪಷ್ಟವಾಗದಿದ್ದರೆ ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿ. ತಾನಾಗಿ ದುಡ್ಡು ಕಟ್ ಆಗುವ ವ್ಯವಸ್ಥೆ ಇದ್ದರೆ ಕನಿಷ್ಠ 24 ಗಂಟೆ ಮೊದಲೇ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಸಂದೇಶದಲ್ಲಿ ದುಡ್ಡು ಯಾರಿಗೆ ಹೋಗುತ್ತದೆ ಅನ್ನುವ ಹೆಸರು ಇರುತ್ತದೆ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಜಾಗದಲ್ಲೂ ಅದೇ ಹೆಸರು ಸಿಗುತ್ತದೆ. ಒಂದು ಸೂಕ್ಷ್ಮ ಇದೆ: ಪ್ಲೇ ಸ್ಟೋರ್ ಮೂಲಕ ಕೊಂಡಿದ್ದರೆ ಸಿನಿಮಾ ಆ್ಯಪ್‌ನ ಹೆಸರಿನ ಬದಲು ಗೂಗಲ್ ಹೆಸರೇ ಕಾಣುತ್ತದೆ. "ನಾನು ಗೂಗಲ್‌ನಿಂದ ಏನೂ ತಗೊಂಡಿಲ್ಲ" ಅಂತ ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಮೂರು ಕಡೆಯೂ ಏನೂ ಇಲ್ಲ, ಆದರೆ ಆ್ಯಪ್ ಓಡುತ್ತಿದೆ ಅಂದರೆ ನಿಮ್ಮ ಫೋನ್ ಬಿಲ್ಲಿನೊಳಗೆ ಸೇರಿಕೊಂಡಿದೆ, ಇಲ್ಲವೇ ಬೇರೆ ಯಾರೋ ಕೊಡುತ್ತಿದ್ದಾರೆ.

ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ಆ್ಯಪ್ ಹೆಸರೇ ಇಲ್ಲವಲ್ಲ?

ಇರುವುದಿಲ್ಲ. ಇದಕ್ಕೆ ನಮ್ಮ ಅಂಗಡಿಗೆ ಬಂದ ಒಬ್ಬ ಮೇಷ್ಟ್ರ ಕಥೆ ಹೇಳಬೇಕು.

ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬಿಲ್ ಪ್ರಿಂಟ್ ಮಾಡಿಸಿಕೊಂಡು, ಉತ್ತರಪತ್ರಿಕೆ ತಿದ್ದಿದ ಹಾಗೆ ಕೆಂಪು ಇಂಕಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದರು. "ನೋಡಪ್ಪಾ, ಇದರಲ್ಲಿ ಎಲ್ಲಿದೆ ಸಿನಿಮಾ? ಇಲ್ಲದ್ದನ್ನು ನಿಲ್ಲಿಸು ಅಂತ ಹೇಗೆ ಕೇಳಲಿ?"

ಬಿಲ್ಲಿನಲ್ಲಿ ಇದ್ದದ್ದು ಮೂರೇ ಸಾಲು. ತಿಂಗಳ ಬಾಡಿಗೆ 749 ರೂಪಾಯಿ. ಕೇಂದ್ರದ ಜಿಎಸ್‌ಟಿ 67.41, ರಾಜ್ಯದ ಜಿಎಸ್‌ಟಿ 67.41. ಒಟ್ಟು 883.82. ಹಿಂದೆ ಅವರದ್ದು 449ರ ಪ್ಲ್ಯಾನ್ ಆಗಿತ್ತಂತೆ. ಯಾರೋ ಫೋನ್ ಮಾಡಿ "ಸಾರ್, ಸಿನಿಮಾ ಆ್ಯಪ್ ಫ್ರೀ" ಅಂದಾಗ ಹೂಂ ಅಂದುಬಿಟ್ಟಿದ್ದರು.

ಎರಡು ತಿಂಗಳು ನೋಡಿದರು, ಸಾಕಾಯಿತು. ಆ್ಯಪ್ ಅಳಿಸಿದರು. ಬಿಲ್ 883.82 ಬಂತು. ಮತ್ತೆ ಆ್ಯಪ್ ಹಾಕಿಕೊಂಡು ಒಳಗಿದ್ದ ಖಾತೆಯನ್ನೇ ಡಿಲೀಟ್ ಮಾಡಿದರು. ಮುಂದಿನ ತಿಂಗಳೂ 883.82. ಅಷ್ಟರಲ್ಲಿ ಮನೆಯಲ್ಲಿ ಅಮ್ಮನವರು "ನನ್ನ ಧಾರಾವಾಹಿ ಎಲ್ಲಿ ಹೋಯ್ತು?" ಅಂತ ಬೇರೆ ಗಲಾಟೆ. ದುಡ್ಡೂ ಹೋಗುತ್ತಿದೆ, ಧಾರಾವಾಹಿಯೂ ಇಲ್ಲ. ಅನುಮತಿ ಕೊಟ್ಟಿದ್ದು ಮೊಬೈಲ್ ಕಂಪನಿ, ಖಾತೆ ಅಳಿಸಿದ್ದು ಇವರು. ಖಾತೆ ಹೋದ ವಿಷಯಕ್ಕೂ ಬಿಲ್ಲಿಗೂ ಸಂಬಂಧವೇ ಇಲ್ಲ.

ಸಿನಿಮಾಗೆ ಅಂತ ಬೇರೆ ಸಾಲು ಬಿಲ್ಲಿನಲ್ಲಿ ಇಲ್ಲದ ಕಾರಣ ಅದನ್ನು ಮಾತ್ರ ಕಿತ್ತು ಹಾಕುವುದಕ್ಕೂ ಆಗುವುದಿಲ್ಲ. ಅದು 749ರ ಒಳಗೇ ಬೆರೆತಿದೆ. ಉಳಿದ ದಾರಿ ಒಂದೇ: ಪ್ಲ್ಯಾನ್ ಬದಲಾಯಿಸುವುದು. ಹಾಗಾಗಿ ನಾನು ಅವರಿಗೆ "ಆ್ಯಪ್ ಕ್ಯಾನ್ಸಲ್ ಮಾಡಿ ಅಂತ ಕೇಳಬೇಡಿ ಸಾರ್, 449ಕ್ಕೆ ಇಳಿಸಿ ಅಂತ ಕೇಳಿ" ಅಂದೆ. ಮಾತು ಸಣ್ಣದು, ಆದರೆ ಗ್ರಾಹಕ ಸೇವೆಯವರಿಗೆ ಅರ್ಥವಾಗುವುದು ಈ ಭಾಷೆಯೇ. ಆ್ಯಪ್ ಕ್ಯಾನ್ಸಲ್ ಅಂದರೆ ಅವರ ಪರದೆಯಲ್ಲಿ ಒತ್ತುವುದಕ್ಕೆ ಏನೂ ಇರುವುದಿಲ್ಲ.

ಅವರ ಬಿಲ್ ತಾರೀಖು 12. ಫೋನ್ ಮಾಡಿದ್ದು 3ಕ್ಕೆ. ಹೊಸ ಪ್ಲ್ಯಾನ್ 12ರಿಂದ ಜಾರಿ ಅಂತ ಎಸ್ಸೆಮ್ಮೆಸ್ ಬಂತು. 12ಕ್ಕೆ ಬಂದ ಬಿಲ್ ಮತ್ತೆ 883.82! ಮೇಷ್ಟ್ರು ಕೆಂಪು ಪೆನ್ನು ಹಿಡಿದು ಅಂಗಡಿಗೆ ಬಂದೇಬಿಟ್ಟರು. ಆದರೆ ಆ ಬಿಲ್ ಹಿಂದಿನ ತಿಂಗಳದ್ದು, ಮೇಲುಗಡೆ ಅವಧಿ ಬರೆದಿರುತ್ತದೆ. ಮುಂದಿನ ತಿಂಗಳು 449ಕ್ಕೆ ತೆರಿಗೆ ಸೇರಿ 529.82 ಬಂತು. ತಿಂಗಳಿಗೆ 354 ರೂಪಾಯಿ ಉಳಿತಾಯ. "ಫ್ರೀ" ಅಂದಿದ್ದರ ನಿಜವಾದ ಬೆಲೆ ಅದೇ ನೋಡಿ.

ಪ್ಲ್ಯಾನ್ ಇಳಿಸುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ದೊಡ್ಡ ಪ್ಲ್ಯಾನ್‌ಗಳಲ್ಲಿ ಮನೆಯವರ ಇನ್ನೊಂದು ಸಿಮ್ ಕೂಡ ಸೇರಿರುವುದುಂಟು. ಕೆಳಗಿನ ಪ್ಲ್ಯಾನ್‌ಗೆ ಬಂದರೆ ಆ ಸಿಮ್ ಏನಾಗುತ್ತದೆ, ಅದಕ್ಕೆ ಬೇರೆ ದುಡ್ಡು ಬೀಳುತ್ತದಾ ಅಂತ ಮೊದಲೇ ತಿಳಿದುಕೊಳ್ಳಿ. ಮೇಷ್ಟ್ರದ್ದು ಒಂಟಿ ಸಿಮ್, ಬಚಾವ್.

ಯುಪಿಐ ಆಟೋಪೇ ನಿಲ್ಲಿಸಿಬಿಟ್ಟರೆ ಸಾಕಲ್ವಾ? ದುಡ್ಡೇ ಹೋಗದಿದ್ದರೆ ಚಂದಾನೂ ನಿಲ್ಲುತ್ತೆ.

ಯಾವ ಆಟೋಪೇ ಅನ್ನುವುದರ ಮೇಲೆ ಹೋಗುತ್ತದೆ.

ಪೋಸ್ಟ್‌ಪೇಯ್ಡ್ ಬಿಲ್ಲಿನ ಆಟೋಪೇ ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಆಟೋಪೇ ಅಂದರೆ ದುಡ್ಡು ಕೊಡುವ ದಾರಿ ಅಷ್ಟೇ. ದಾರಿ ಮುಚ್ಚಿದರೆ ಸಾಲ ಹೋಗುವುದಿಲ್ಲ. ಪ್ಲ್ಯಾನ್ ನಡೆಯುತ್ತಲೇ ಇರುತ್ತದೆ, ಬಿಲ್ ಬಾಕಿ ಬೀಳುತ್ತದೆ, ತಡವಾದ ದಂಡ ಸೇರುತ್ತದೆ, ಕೊನೆಗೆ ಹೊರಹೋಗುವ ಕರೆ ಬಂದ್ ಮಾಡುತ್ತಾರೆ. ಸಿನಿಮಾ ನಿಲ್ಲಿಸಲು ಹೋಗಿ ಫೋನ್ ನಿಂತ ಹಾಗಾಯ್ತು.

ಪ್ಲೇ ಸ್ಟೋರ್‌ನಲ್ಲಿ ಕೊಂಡ ಚಂದಾ ಆದರೆ ಆಟೋಪೇ ನಿಲ್ಲಿಸಿದಾಗ ದುಡ್ಡು ಕಟ್ ಆಗುವುದಿಲ್ಲ ನಿಜ. ಆದರೆ ಅಲ್ಲಿ ಚಂದಾ ತಕ್ಷಣ ರದ್ದಾಗುವುದಿಲ್ಲ, ಪಾವತಿ ವಿಫಲ ಅಂತ ತೋರಿಸುತ್ತಾ ಕೆಲವು ದಿನ ನೇತಾಡುತ್ತದೆ. ಆ ದಿನಗಳಲ್ಲಿ ನೀವು ಬೇರೆ ಕಾರ್ಡ್ ಸೇರಿಸಿದರೆ ಮತ್ತೆ ಜೀವ ಬರಬಹುದು. ಮೊದಲು ಮಾರಿದ ಕಡೆ ಕ್ಯಾನ್ಸಲ್, ಆಮೇಲೆ ಬೇಕಿದ್ದರೆ ಆಟೋಪೇ. ನಾನು ಎಲ್ಲರಿಗೂ ಈ ಕ್ರಮದಲ್ಲೇ ಮಾಡಿಸುತ್ತೇನೆ.

ನಂದು ಪ್ರೀಪೇಯ್ಡ್. ನಾನೇನು ಕ್ಯಾನ್ಸಲ್ ಮಾಡಬೇಕು?

ಸಾಮಾನ್ಯವಾಗಿ ಏನೂ ಇಲ್ಲ. ಪ್ಯಾಕ್ ಅವಧಿ ಮುಗಿದರೆ ಅದರ ಜೊತೆ ಬಂದದ್ದೂ ಮುಗಿಯುತ್ತದೆ. ಮುಂದಿನ ಸಲ ಆ್ಯಪ್ ಇಲ್ಲದ ಪ್ಯಾಕ್ ಹಾಕಿಸಿಕೊಂಡರೆ ಆಯ್ತು. ರೀಚಾರ್ಜನ್ನೇ ಆಟೋಪೇಗೆ ಹಾಕಿಟ್ಟಿದ್ದರೆ ಮಾತ್ರ ಅದೇ ದುಬಾರಿ ಪ್ಯಾಕ್ ತಾನಾಗಿ ಮತ್ತೆ ಬೀಳುತ್ತದೆ. ಅದನ್ನು ಯುಪಿಐ ಆ್ಯಪ್‌ನಲ್ಲಿ ನೀವೇ ನಿಲ್ಲಿಸಬಹುದು. ಇಲ್ಲಿ ಬಾಕಿ ಬೀಳುವ ಭಯ ಇಲ್ಲ, ಯಾಕೆಂದರೆ ಪ್ರೀಪೇಯ್ಡ್‌ನಲ್ಲಿ ದುಡ್ಡು ಮೊದಲು, ಸೇವೆ ಆಮೇಲೆ.

ಮೊದಲೇ ನಾನು ದುಡ್ಡು ಕೊಟ್ಟು ಅದೇ ಆ್ಯಪ್ ತಗೊಂಡಿದ್ದೆ. ಈಗ ಪ್ಲ್ಯಾನ್ ಜೊತೆಯೂ ಬಂತು. ಎರಡೂ ಓಡುತ್ತಿವೆಯಾ?

ಓಡುತ್ತಿರುವ ಸಾಧ್ಯತೆ ಜಾಸ್ತಿ. ಅದರಲ್ಲೂ ಎರಡೂ ಬೇರೆ ಬೇರೆ ಖಾತೆಯಲ್ಲಿದ್ದರೆ. ಹಳೆಯದನ್ನು ಜಿಮೇಲ್ ಹಾಕಿ ತೆರೆದಿರುತ್ತೀರಿ, ಹೊಸದು ಫೋನ್ ನಂಬರಿನ ಮೇಲೆ ತೆರೆದುಕೊಂಡಿರುತ್ತದೆ. ಆ್ಯಪ್‌ನ ಕಣ್ಣಿಗೆ ನೀವು ಇಬ್ಬರು ಬೇರೆ ಬೇರೆ ಗಿರಾಕಿಗಳು. ಟಿವಿಯಲ್ಲಿ ಒಂದು, ಫೋನಿನಲ್ಲಿ ಇನ್ನೊಂದು ಖಾತೆ ತೆರೆದುಕೊಂಡಿದ್ದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಇಲ್ಲಿ ಹಳೆಯದನ್ನು ಹಳೆಯ ಜಾಗದಲ್ಲಿ, ಅಂದರೆ ನೀವು ಕೊಂಡ ಕಡೆ ನಿಲ್ಲಿಸಬೇಕು. ಮೊಬೈಲ್ ಕಂಪನಿಗೆ ಅದರ ಸುದ್ದಿಯೇ ಗೊತ್ತಿಲ್ಲ. ಇನ್ನೂ ಒಂದು ಕೆಲಸ ಮಾಡಿ: ಪ್ಲ್ಯಾನ್ ಜೊತೆ ಬಂದ ಖಾತೆಯೊಳಗೆ ನಿಮ್ಮ ಕಾರ್ಡು ಉಳಿದುಕೊಂಡಿದೆಯಾ ನೋಡಿ. ಮುಂದೆ ಪ್ಲ್ಯಾನ್ ಬದಲಾಯಿಸಿದಾಗ ಕೆಲವು ಸೇವೆಗಳು ಆ ಕಾರ್ಡಿನಿಂದ ನೇರವಾಗಿ ದುಡ್ಡು ತೆಗೆಯಲು ಶುರು ಮಾಡಬಹುದು.

ಮಗ ಉಡುಗೊರೆಯಾಗಿ ಹಾಕಿಸಿಕೊಟ್ಟಿದ್ದಾನೆ. ನನಗೆ ಬೇಡ ಅಂದರೆ ನಾನೇ ನಿಲ್ಲಿಸಬಹುದಾ?

ಉಡುಗೊರೆ ಕೊಡುವುದರಲ್ಲಿ ಮೂರು ಬಗೆ ಇದೆ. ನಿಮ್ಮದು ಯಾವುದು ಅಂತ ಮೊದಲು ಮಗನನ್ನು ಕೇಳಿ.

ಕೋಡ್ ಕಳಿಸಿ, ನೀವು ಅದನ್ನು ಆ್ಯಪ್‌ನಲ್ಲಿ ಹಾಕಿದ್ದರೆ ನಿಲ್ಲಿಸುವ ಮಾತೇ ಇಲ್ಲ. ದುಡ್ಡು ಒಂದೇ ಸಲ ಹೋಗಿದೆ, ಅವಧಿ ಮುಗಿದರೆ ಮುಗಿಯಿತು. ಕೋಡ್ ಹಾಕುವಾಗ ನಿಮ್ಮ ಕಾರ್ಡು ಕೇಳಿ, ನೀವು ಕೊಟ್ಟಿದ್ದರೆ ಮಾತ್ರ ಎಚ್ಚರ. ಅವಧಿ ಮುಗಿದ ಮರುದಿನದಿಂದ ನಿಮ್ಮ ದುಡ್ಡು ಹೋಗಲು ಶುರುವಾಗಬಹುದು. ಅದನ್ನು ಆ್ಯಪ್ ಒಳಗೇ ನಿಲ್ಲಿಸಬಹುದು, ಯಾಕೆಂದರೆ ಆಗ ಕೊಳ್ಳುವವರು ನೀವೇ.

ಎರಡನೆಯದು ಫ್ಯಾಮಿಲಿ ಪ್ಲ್ಯಾನ್. ಮಗ ಮುಖ್ಯಸ್ಥ, ನೀವು ಸದಸ್ಯರು. ನೀವು ಗುಂಪಿನಿಂದ ಹೊರಬರಬಹುದು, ಆದರೆ ಮಗನ ದುಡ್ಡು ಅಷ್ಟೇ ಹೋಗುತ್ತಿರುತ್ತದೆ. ಒಬ್ಬರು ಎದ್ದು ಹೋದರು ಅಂತ ಆಟೋದವನು ಬಾಡಿಗೆ ಕಡಿಮೆ ಮಾಡುವುದಿಲ್ಲವಲ್ಲ, ಹಾಗೆ.

ನಮ್ಮಲ್ಲಿಗೆ ಜಾಸ್ತಿ ಬರುವುದು ಮೂರನೆಯದು. ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಊರಿಗೆ ಬರುತ್ತಾನೆ. ಅಮ್ಮನ ಫೋನ್ ತಗೊಂಡು, ತನ್ನ ಜಿಮೇಲ್ ಹಾಕಿ, ತನ್ನ ಯುಪಿಐನಿಂದ ಪ್ಲೇ ಸ್ಟೋರ್‌ನಲ್ಲಿ ಚಂದಾ ಕೊಂಡು ಹೋಗುತ್ತಾನೆ. ಸಕಲೇಶಪುರ ಕಡೆಯ ಒಬ್ಬ ಅಮ್ಮ ಹೀಗೇ ಬಂದಿದ್ದರು. ತೋಟದ ಮನೆಯಲ್ಲಿ ನೆಟ್‌ವರ್ಕೇ ಸಿಗಲ್ಲ, ಸುಮ್ನೆ ಮಗನ ದುಡ್ಡು ದಂಡ ಅಂತ ಅವರ ಚಿಂತೆ. ಪ್ಲೇ ಸ್ಟೋರ್ ತೆರೆದು, ಮೇಲೆ ಬಲಗಡೆಯ ಚಿತ್ರ ಒತ್ತಿ, `Payments & subscriptions` ಒಳಗೆ `Subscriptions` ನೋಡಿದೆವು. ಖಾಲಿ! ಆಮೇಲೆ ಅದೇ ಚಿತ್ರ ಒತ್ತಿ ಖಾತೆ ಬದಲಾಯಿಸಿ ನೋಡಿದರೆ ಕೆಳಗೆ ಮಗನ ಜಿಮೇಲ್ ಕೂತಿತ್ತು. ಅದಕ್ಕೆ ಹೋದ ಮೇಲೆ ಚಂದಾ ಕಾಣಿಸಿತು. ಪ್ಲೇ ಸ್ಟೋರ್‌ಗೆ ಫೋನ್ ಯಾರದ್ದು ಅನ್ನುವುದು ಮುಖ್ಯವಲ್ಲ, ಯಾವ ಗೂಗಲ್ ಖಾತೆಯಿಂದ ಕೊಂಡಿದ್ದು ಅನ್ನುವುದು ಮುಖ್ಯ.

ಅಲ್ಲೇ ಒತ್ತಿ ನಿಲ್ಲಿಸಬಹುದಿತ್ತು. ನಾನು ಒತ್ತಲಿಲ್ಲ. ಮಗನ ಖಾತೆ, ಮಗನ ದುಡ್ಡು. ಅಂಗಡಿಯಿಂದಲೇ ಅವರಿಗೆ ಫೋನ್ ಹಚ್ಚಿದೆವು. ಅವರೇ ತಮ್ಮ ಫೋನಿನಿಂದ ಒಂದು ನಿಮಿಷದಲ್ಲಿ ಕ್ಯಾನ್ಸಲ್ ಮಾಡಿದರು. ಆಮೇಲೆ ಅಮ್ಮನ ಫೋನಿನಲ್ಲಿ ಮಗನ ಜಿಮೇಲ್ ಯಾಕೆ ಇತ್ತು ಅನ್ನುವ ಪಾಠವನ್ನೂ ಅವರಿಗೆ ಹೇಳಿದೆ, ಅದು ಬೇರೆ ಮಾತು.

ಉಡುಗೊರೆ ಚಂದಾ ನಿಲ್ಲಿಸಿದರೆ ಉಳಿದ ತಿಂಗಳುಗಳ ದುಡ್ಡು ನನಗೆ ವಾಪಸ್ ಬರುತ್ತದಾ?

ಬಂದರೂ ನಿಮಗೆ ಬರುವುದಿಲ್ಲ. ವಾಪಸಾತಿ ಯಾವ ಖಾತೆಯಿಂದ ದುಡ್ಡು ಹೋಗಿತ್ತೋ ಅಲ್ಲಿಗೇ ಹೋಗುತ್ತದೆ, ಅಂದರೆ ಉಡುಗೊರೆ ಕೊಟ್ಟವರಿಗೆ. ಇದೂ ಮಾರಿದವರ ಹತ್ತಿರವೇ ಹೋಗಬೇಕು ಅನ್ನುವುದಕ್ಕೆ ಒಂದು ಕಾರಣ: ರಶೀದಿ, ಆರ್ಡರ್ ನಂಬರ್ ಎಲ್ಲ ಕೊಟ್ಟವರ ಇ-ಮೇಲ್‌ನಲ್ಲಿ ಇರುತ್ತವೆ. ಬಳಸಿದ ಕೋಡಿಗೆ ಸಾಮಾನ್ಯವಾಗಿ ವಾಪಸಾತಿ ಇಲ್ಲ. ಪ್ಲೇ ಸ್ಟೋರ್‌ನಲ್ಲಿ ಕ್ಯಾನ್ಸಲ್ ಮಾಡಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ನೋಡಬಹುದು. ನಿಲ್ಲುವುದು ಮುಂದಿನ ಕಂತು.

155223ಕ್ಕೆ STOP ಅಂತ ಕಳಿಸಿದರೆ ಎಲ್ಲಾ ನಿಲ್ಲುತ್ತೆ ಅಂತಾರೆ?

ಎಲ್ಲಾ ನಿಲ್ಲುವುದಿಲ್ಲ. ಆ ನಂಬರ್ ಇರುವುದು ಕಾಲರ್ ಟ್ಯೂನ್, ಜ್ಯೋತಿಷ್ಯದ ಸಂದೇಶ, ಕ್ರಿಕೆಟ್ ಸುದ್ದಿ ಥರದ, ಬ್ಯಾಲೆನ್ಸ್‌ನಿಂದಲೋ ಬಿಲ್ಲಿಗೋ ಬೇರೆಯಾಗಿ ಹಣ ಕೀಳುವ ಸೇವೆಗಳಿಗೆ. ಅವುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಉಚಿತ ಕೂಡ. ಪ್ಲ್ಯಾನ್ ದರದೊಳಗೇ ಸೇರಿದ ಸಿನಿಮಾ ಆ್ಯಪ್‌ಗೂ ಅದಕ್ಕೂ ಸಂಬಂಧ ಇಲ್ಲ.

ಮೊಬೈಲ್ ಕಂಪನಿ ಆ್ಯಪ್ ಕಡೆ ಕೈ ತೋರಿಸುತ್ತೆ, ಆ್ಯಪ್‌ನವರು ಕಂಪನಿ ಕಡೆ. ಈಗ?

ಇದು ಆಗುತ್ತದೆ. ಮೊದಲ ಸಲ ಫೋನ್ ಎತ್ತಿದವರಿಗೆ ಇಂಥ ಪ್ಲ್ಯಾನ್‌ಗಳ ಒಳಗುಟ್ಟು ಗೊತ್ತಿರುವುದಿಲ್ಲ. ಆ್ಯಪ್‌ನ ಖಾತೆ ಪುಟದಲ್ಲಿ ಮೊಬೈಲ್ ಕಂಪನಿಯ ಹೆಸರು ಇರುವ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮಾರಿದವರು ತಾವಲ್ಲ ಅಂತ ಆಮೇಲೆ ಅವರು ಹೇಳುವ ಹಾಗಿಲ್ಲ. 198ಕ್ಕೆ ಫೋನ್ ಮಾಡಿ ದೂರು ಅಂತಲೇ ದಾಖಲಿಸಿ, ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. ಆ ನಂಬರ್ ಇಲ್ಲದ ಮಾತು ಗಾಳಿಯಲ್ಲಿ ಹೋದ ಹಾಗೆ. ದೂರಿಗೆ ಕೊಟ್ಟ ಉತ್ತರ ಸರಿ ಇಲ್ಲ ಅನ್ನಿಸಿದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಶುಲ್ಕವಿಲ್ಲ. ನೇರವಾಗಿ ಟ್ರಾಯ್‌ಗೆ ಬರೆಯುತ್ತೇನೆ ಅಂತ ಹೊರಡುವವರಿದ್ದಾರೆ. ಟ್ರಾಯ್ ಮೊಬೈಲ್ ಕಂಪನಿಗಳಿಗೆ ನಿಯಮ ಹಾಕುವ ಸಂಸ್ಥೆ, ಒಬ್ಬೊಬ್ಬರ ದೂರು ಬಗೆಹರಿಸುವ ಸಂಸ್ಥೆ ಅಲ್ಲ. ಆ್ಯಪ್‌ನವರ ಮೇಲೋ ಕೋಡ್ ಮಾರಿದ ವೆಬ್‌ಸೈಟಿನ ಮೇಲೋ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಬೇರೆ ಕಂಪನಿಗೆ ಪೋರ್ಟ್ ಆದರೆ?

ಹಳೆಯ ಕಂಪನಿಯ ಪ್ಲ್ಯಾನ್ ಮುಗಿಯುತ್ತದೆ, ಅದರ ಜೊತೆ ಅವರು ಕೊಟ್ಟ ಅನುಮತಿಯೂ ಹೋಗುತ್ತದೆ. ಪೋಸ್ಟ್‌ಪೇಯ್ಡ್ ಬಾಕಿ ಇದ್ದರೆ ಮೊದಲು ಅದನ್ನು ಕಟ್ಟಿ, ಇಲ್ಲದಿದ್ದರೆ ಪೋರ್ಟ್ ಆಗುವುದಿಲ್ಲ. ಆಮೇಲೆ ಆ್ಯಪ್ ತೆರೆದರೆ ದುಡ್ಡು ಕೊಡಿ ಅಂತ ಒಂದು ಪುಟ ಬರುತ್ತದೆ. ಅಲ್ಲಿ ಅವಸರದಲ್ಲಿ ಯುಪಿಐ ಪಿನ್ ಒತ್ತಿದರೆ ಅದು ಹೊಸ ಚಂದಾ, ಈ ಸಲ ಮಾರಿದವರು ಆ್ಯಪ್‌ನವರೇ.